ರೈಟ್ಸ್ ಇಶ್ಯೂ: ಇಂಗ್ಲಿಷ್ ಪ್ರಕಟಣೆ ಓದದೆ ಬಿಟ್ಟರೆ ಹಣ ಹೋಗುವುದು ಹೇಗೆ? ರಿಲಯನ್ಸ್ ಉದಾಹರಣೆಯೊಂದಿಗೆ ಪೂರ್ಣ ವಿವರ

ಷೇರುದಾರರ ಇಮೇಲ್‌ಗೆ ಒಂದು ದಿನ ದಪ್ಪನೆಯ ಇಂಗ್ಲಿಷ್ ಪಿಡಿಎಫ್ ಬರುತ್ತದೆ. ಲೆಟರ್ ಆಫ್ ಆಫರ್, ರೈಟ್ಸ್ ಎನ್‌ಟೈಟಲ್‌ಮೆಂಟ್, ರಿನನ್ಸಿಯೇಷನ್ ಎಂಬ ಪದಗಳು ಅದರ ತುಂಬ ಇರುತ್ತವೆ. ಅದೇ ಹೊತ್ತಿಗೆ ಡಿಮ್ಯಾಟ್ ಖಾತೆಯಲ್ಲಿ ಕಂಪನಿಯ ಹೆಸರಿನ ಮುಂದೆ RE ಎಂದಿರುವ ಹೊಸದೊಂದು ಸಾಲು ಕಾಣಿಸಿಕೊಳ್ಳುತ್ತದೆ. ಬೋನಸ್ ಷೇರು ಬಂದಿರಬೇಕು, ಇರಲಿ ಬಿಡಿ ಎಂದು ಸುಮ್ಮನಾದವರಿಗೆ ಕೆಲವು ವಾರಗಳ ನಂತರ ಆ ಸಾಲು ಇರುವುದಿಲ್ಲ. ಅದರ ಜತೆಗೆ ಅವರ ಹಣವೂ ಹೋಗಿರುತ್ತದೆ.

ಕಂಪನಿ ಮೋಸ ಮಾಡಿಲ್ಲ, ಬ್ರೋಕರ್ ಕದ್ದಿಲ್ಲ. ಹೀಗಾಗುತ್ತದೆ ಎಂದು ಆ ಪಿಡಿಎಫ್‌ನಲ್ಲಿಯೇ ಬರೆದಿರುತ್ತದೆ. ಬರೆದಿರುವುದು ಇಂಗ್ಲಿಷಿನಲ್ಲಿ, ಅದೂ ವಕೀಲರ ಇಂಗ್ಲಿಷಿನಲ್ಲಿ ಎಂಬುದೇ ತೊಡಕು.

ಇದನ್ನು ಅರ್ಥ ಮಾಡಿಕೊಳ್ಳಲು 2020ರ ರಿಲಯನ್ಸ್ ಇಂಡಸ್ಟ್ರೀಸ್ ರೈಟ್ಸ್ ಇಶ್ಯೂಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 53,124 ಕೋಟಿ ರೂಪಾಯಿಯ ಈ ಇಶ್ಯೂ ನಡೆದದ್ದು ಲಾಕ್‌ಡೌನ್ ನಡುವೆ. ಹಕ್ಕನ್ನು ಡಿಮ್ಯಾಟ್ ಖಾತೆಗೇ ಹಾಕುವ ಸೆಬಿಯ ಹೊಸ ಪದ್ಧತಿ ಜಾರಿಗೆ ಬಂದು ಆಗಷ್ಟೇ ಕೆಲವು ತಿಂಗಳಾಗಿತ್ತು. ಮೇಲಾಗಿ ಷೇರಿನ ಹಣವನ್ನು ಕಂತುಗಳಲ್ಲಿ ಕಟ್ಟಬೇಕಿತ್ತು. ಸಾಮಾನ್ಯ ಹೂಡಿಕೆದಾರ ಎಡವಬಹುದಾದ ಎಲ್ಲ ಜಾಗಗಳೂ ಈ ಒಂದೇ ಇಶ್ಯೂನಲ್ಲಿದ್ದವು.

ರೈಟ್ಸ್ ಇಶ್ಯೂ ಎಂದರೆ ಏನು?

ಕಂಪನಿಗೆ ಹಣ ಬೇಕಾದಾಗ ಹೊಸ ಷೇರುಗಳನ್ನು ಹೊರಗಿನವರಿಗೆ ಮಾರುವ ಬದಲು, ಈಗಾಗಲೇ ಷೇರು ಇಟ್ಟುಕೊಂಡಿರುವವರಿಗೆ ಮೊದಲ ಅವಕಾಶ ಕೊಡುವುದೇ ರೈಟ್ಸ್ ಇಶ್ಯೂ. ಕನ್ನಡದಲ್ಲಿ ಹಕ್ಕಿನ ಷೇರು ಎನ್ನುತ್ತಾರೆ. ಬೆಲೆ ಸಾಮಾನ್ಯವಾಗಿ ಮಾರುಕಟ್ಟೆ ದರಕ್ಕಿಂತ ಕಡಿಮೆ ಇರುತ್ತದೆ. ಬೋನಸ್ ಷೇರಿಗೆ ದುಡ್ಡು ಕೊಡಬೇಕಿಲ್ಲ, ಹಕ್ಕಿನ ಷೇರಿಗೆ ಕೊಡಬೇಕು. ಬೈಬ್ಯಾಕ್ ಇದಕ್ಕೆ ತದ್ವಿರುದ್ಧ. ಅಲ್ಲಿ ಕಂಪನಿಯೇ ಹಣ ಕೊಟ್ಟು ನಿಮ್ಮ ಷೇರನ್ನು ವಾಪಸ್ ಕೊಳ್ಳುತ್ತದೆ. ಬೈಬ್ಯಾಕ್‌ನಲ್ಲಿ ಸುಮ್ಮನಿದ್ದರೆ ನಿಮ್ಮ ಷೇರು ನಿಮ್ಮಲ್ಲೇ ಉಳಿಯುತ್ತದೆ. ರೈಟ್ಸ್ ಇಶ್ಯೂನಲ್ಲಿ ಸುಮ್ಮನಿದ್ದರೆ ಕೈಗೆ ಬಂದ ಒಂದು ಆಸ್ತಿ ಕರಗಿ ಹೋಗುತ್ತದೆ.

ಮೊದಲ ಪ್ರಕಟಣೆಯಲ್ಲಿ ಏನಿತ್ತು?

ಲಿಸ್ಟ್ ಆದ ಕಂಪನಿಯೊಂದು ಇಂತಹ ನಿರ್ಧಾರ ತೆಗೆದುಕೊಂಡರೆ ಅದನ್ನು ಷೇರು ವಿನಿಮಯ ಕೇಂದ್ರಗಳಿಗೆ ತಕ್ಷಣ ತಿಳಿಸಬೇಕು. bseindia.com ಮತ್ತು nseindia.com ತಾಣಗಳಲ್ಲಿ ಕಂಪನಿಯ ಹೆಸರು ಹಾಕಿ Corporate Announcements ವಿಭಾಗಕ್ಕೆ ಹೋದರೆ ಈ ಪ್ರಕಟಣೆಗಳು ಯಾರಿಗಾದರೂ ಉಚಿತವಾಗಿ ಸಿಗುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಸಂದೇಶಕ್ಕಿಂತ ಇದನ್ನು ನೋಡುವುದು ಒಳ್ಳೆಯದು. ಅನುಪಾತ, ಬೆಲೆ, ದಿನಾಂಕ ಮೂರೂ ಕಂಪನಿಯ ಸಹಿಯೊಂದಿಗೆ ಇರುವುದು ಇಲ್ಲೇ.

2020ರ ಏಪ್ರಿಲ್ 30ರಂದು ರಿಲಯನ್ಸ್ ಆಡಳಿತ ಮಂಡಳಿ ಸಭೆಯ ನಂತರ ಹೊರಬಂದ ಪ್ರಕಟಣೆಯಲ್ಲಿ ಮುಖ್ಯವಾಗಿದ್ದ ಅಂಶಗಳು ಕೆಲವೇ. ಅನುಪಾತ 1:15, ಅಂದರೆ ಪ್ರತಿ 15 ಷೇರಿಗೆ ಒಂದು ಹೊಸ ಷೇರು. ಬೆಲೆ 1,257 ರೂಪಾಯಿ. ಹಣವನ್ನು ಒಂದೇ ಬಾರಿಗೆ ಕಟ್ಟಬೇಕಿಲ್ಲ, ಷೇರು ಪಾರ್ಟ್ಲಿ ಪೇಯ್ಡ್, ಅಂದರೆ ಭಾಗಶಃ ಪಾವತಿಯದ್ದು. ಆ ದಿನ ಮಾರುಕಟ್ಟೆಯಲ್ಲಿ ರಿಲಯನ್ಸ್ ಷೇರು ಸುಮಾರು 1,467 ರೂಪಾಯಿಗೆ ಮುಕ್ತಾಯವಾಗಿತ್ತು. ಲೆಕ್ಕ ಹಾಕಿದರೆ ಹಕ್ಕಿನ ಷೇರು ಶೇ 14ರಷ್ಟು ಅಗ್ಗ.

ಅನುಪಾತ ಓದುವಾಗ ಅನೇಕರು ಗೊಂದಲಕ್ಕೆ ಬೀಳುತ್ತಾರೆ. 1:15 ಎಂದರೆ ಮೊದಲ ಅಂಕಿ ಸಿಗುವ ಹೊಸ ಷೇರು, ಎರಡನೆಯದು ನಿಮ್ಮಲ್ಲಿ ಇರಬೇಕಾದ ಷೇರು. ಅದೇ ಸಾಲಿನಲ್ಲಿ ಇಂಗ್ಲಿಷಿನಲ್ಲಿ "ಪ್ರತಿ ಇಷ್ಟು ಷೇರು ಹೊಂದಿರುವವರಿಗೆ ಇಷ್ಟು" ಎಂದು ಬಿಡಿಸಿಯೂ ಬರೆದಿರುತ್ತದೆ. ಅದನ್ನು ನೋಡಿದರೆ ಅನುಮಾನ ಉಳಿಯುವುದಿಲ್ಲ.

ಶೇ 14ರ ರಿಯಾಯಿತಿ ನಿಜವಾಗಿ ಎಷ್ಟು?

ಪತ್ರಿಕೆಗಳ ತಲೆಬರಹದಲ್ಲಿ ಬರುವುದು ರಿಯಾಯಿತಿಯ ಅಂಕಿ. ಇದನ್ನು ಉಡುಗೊರೆ ಎಂದುಕೊಳ್ಳುವವರೇ ಹೆಚ್ಚು. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ.

ನಿಮ್ಮಲ್ಲಿ 15 ಷೇರು ಇದೆ ಎಂದುಕೊಳ್ಳಿ. ತಲಾ 1,467 ರೂಪಾಯಿಯಂತೆ ಅದರ ಬೆಲೆ 22,005 ರೂಪಾಯಿ. ಅದಕ್ಕೆ 1,257 ರೂಪಾಯಿಯ ಒಂದು ಹೊಸ ಷೇರು ಸೇರಿತು. ಒಟ್ಟು 23,262 ರೂಪಾಯಿ, ಷೇರು 16. ಭಾಗಿಸಿದರೆ ಒಂದು ಷೇರಿಗೆ ಸುಮಾರು 1,454 ರೂಪಾಯಿ. ಅಂದರೆ ಹಕ್ಕು ಬೇರ್ಪಟ್ಟ ದಿನ ಹಳೆಯ ಷೇರಿನ ಬೆಲೆ, ಬೇರೆ ಯಾವ ಸುದ್ದಿಯೂ ಇಲ್ಲದಿದ್ದರೆ, ತಾನಾಗಿಯೇ 13 ರೂಪಾಯಿ ಇಳಿಯಬೇಕು.

ಈ 13 ರೂಪಾಯಿ ಎಲ್ಲಿಗೆ ಹೋಯಿತು? 15 ಷೇರಿಗೂ 13 ರೂಪಾಯಿ ಮತ್ತು ಸ್ವಲ್ಪ ಚಿಲ್ಲರೆಯಂತೆ ಕೂಡಿಸಿದರೆ ಸುಮಾರು 197 ರೂಪಾಯಿ. ಇತ್ತ 1,454ರಲ್ಲಿ 1,257 ಕಳೆದರೂ ಬರುವುದು ಅದೇ 197. ನಿಮ್ಮ ಹಳೆಯ ಷೇರಿನ ಬೆಲೆಯಿಂದ ತೆಗೆದ ಹಣವೇ ಹಕ್ಕಿನ ರೂಪದಲ್ಲಿ ನಿಮ್ಮ ಡಿಮ್ಯಾಟ್ ಖಾತೆಗೆ ಬಂದಿದೆ. ಎಡ ಜೇಬಿನ ದುಡ್ಡು ಬಲ ಜೇಬಿಗೆ ಬಂದ ಹಾಗೆ. ಬಲ ಜೇಬನ್ನು ನೋಡಿಕೊಳ್ಳದಿದ್ದರೆ ನಷ್ಟ ನಿಮ್ಮದೇ.

ಮಾರುಕಟ್ಟೆ ಕಾಗದದ ಲೆಕ್ಕದಂತೆ ಪೈಸೆಗೆ ಪೈಸೆ ನಡೆಯುವುದಿಲ್ಲ ನಿಜ. ಆದರೂ ಹಕ್ಕಿಗೆ ಬೆಲೆ ಇದೆ, ಆ ಬೆಲೆಯನ್ನು ನೀವು ಆಗಲೇ ತೆತ್ತಿದ್ದೀರಿ ಎಂಬುದನ್ನು ಈ ಲೆಕ್ಕ ತೋರಿಸುತ್ತದೆ.

ರೆಕಾರ್ಡ್ ಡೇಟ್: ಯಾವ ದಿನ ಷೇರು ಇರಬೇಕು?

ರಿಲಯನ್ಸ್ ನಿಗದಿ ಮಾಡಿದ ರೆಕಾರ್ಡ್ ಡೇಟ್ 2020ರ ಮೇ 14, ಗುರುವಾರ. ಆ ದಿನದ ಕೊನೆಗೆ ಯಾರ ಡಿಮ್ಯಾಟ್ ಖಾತೆಯಲ್ಲಿ ಎಷ್ಟು ಷೇರು ಇರುತ್ತದೋ ಅಷ್ಟಕ್ಕೆ ಹಕ್ಕು. ಮೇ 14ರಂದೇ ಷೇರು ಕೊಂಡರೆ ಪ್ರಯೋಜನ ಇರಲಿಲ್ಲ. ಆಗ ಕೊಂಡ ಷೇರು ಖಾತೆಗೆ ಬರಲು ಎರಡು ವಹಿವಾಟಿನ ದಿನ ಬೇಕಿತ್ತು, ಹಾಗಾಗಿ ಮೇ 12ರೊಳಗೆ ಕೊಂಡವರಿಗೆ ಮಾತ್ರ ಹಕ್ಕು ಸಿಕ್ಕಿತು. ಮೇ 13ರಿಂದ ಷೇರು ಎಕ್ಸ್ ರೈಟ್ಸ್, ಅಂದರೆ ಹಕ್ಕು ರಹಿತವಾಗಿ ಮಾರಾಟವಾಯಿತು.

2023ರ ಜನವರಿಯಿಂದ ಎಲ್ಲ ಷೇರುಗಳೂ ಮರುದಿನವೇ ಖಾತೆಗೆ ಬರುತ್ತಿವೆ. ಹಾಗಾಗಿ ಈಗ ರೆಕಾರ್ಡ್ ಡೇಟ್‌ಗೆ ಒಂದು ವಹಿವಾಟಿನ ದಿನ ಮೊದಲು ಕೊಂಡರೆ ಸಾಕು. ನಡುವೆ ಶನಿವಾರ, ಭಾನುವಾರ ಅಥವಾ ಹಬ್ಬದ ರಜೆ ಬಂದರೆ ಲೆಕ್ಕ ಹಿಂದಕ್ಕೆ ಸರಿಯುತ್ತದೆ.

ಡಿಮ್ಯಾಟ್‌ನಲ್ಲಿ ಬಂದ ಆರ್‌ಇ: ನಾಲ್ಕು ದಾರಿ, ಒಂದು ಗುಂಡಿ

ಇಡೀ ಪ್ರಕರಣದ ಹೃದಯ ಇದು. ರೆಕಾರ್ಡ್ ಡೇಟ್ ಆದ ಮೇಲೆ, ಇಶ್ಯೂ ತೆರೆಯುವ ಮೊದಲು, ಅರ್ಹ ಷೇರುದಾರರ ಡಿಮ್ಯಾಟ್ ಖಾತೆಗೆ ರೈಟ್ಸ್ ಎನ್‌ಟೈಟಲ್‌ಮೆಂಟ್, ಚಿಕ್ಕದಾಗಿ ಆರ್‌ಇ, ಬಂದು ಬೀಳುತ್ತದೆ. ಇದು ಷೇರು ಅಲ್ಲ. ಷೇರು ಕೊಳ್ಳಲು ಕೊಟ್ಟಿರುವ ಚೀಟಿ. ಸಿನಿಮಾ ಟಿಕೆಟ್‌ನಂತೆ ಇದಕ್ಕೂ ಒಂದು ದಿನಾಂಕ ಇದೆ. ಆ ದಿನ ದಾಟಿದರೆ ಚೀಟಿಗೆ ಬೆಲೆ ಇಲ್ಲ.

ರಿಲಯನ್ಸ್ ಇಶ್ಯೂ ಮೇ 20ರಂದು ತೆರೆದು ಜೂನ್ 3ರಂದು ಮುಚ್ಚಿತು. ಆರ್‌ಇ ಷೇರುಪೇಟೆಯಲ್ಲಿ ವಹಿವಾಟಾಗಿದ್ದು ಮೇ 20ರಿಂದ ಮೇ 29ರವರೆಗೆ ಮಾತ್ರ. ಎರಡೂ ದಿನಾಂಕ ಬೇರೆ ಎಂಬುದನ್ನು ಗಮನಿಸಿ. ಪೇಟೆಯಲ್ಲಿ ಆರ್‌ಇ ಕೊಂಡವರ ಖಾತೆಗೆ ಅದು ಬಂದು, ಅವರು ಅರ್ಜಿ ಹಾಕಲು ಸಮಯ ಉಳಿಯಬೇಕು, ಅದಕ್ಕೇ ವಹಿವಾಟು ಕೆಲವು ದಿನ ಮೊದಲೇ ನಿಲ್ಲುತ್ತದೆ. ಇಶ್ಯೂ ಜೂನ್ 3ರವರೆಗೆ ಇದೆಯಲ್ಲ, ಜೂನ್ 1ಕ್ಕೆ ಮಾರಿದರಾಯಿತು ಎಂದುಕೊಂಡವರಿಗೆ ಪೇಟೆಯ ಬಾಗಿಲು ಮುಚ್ಚಿತ್ತು. ಪ್ರಕಟಣೆಯಲ್ಲಿ "ಲಾಸ್ಟ್ ಡೇಟ್ ಫಾರ್ ಆನ್ ಮಾರ್ಕೆಟ್ ರಿನನ್ಸಿಯೇಷನ್" ಎಂದು ಬರೆದಿರುವುದು ಇದನ್ನೇ. ರಿನನ್ಸಿಯೇಷನ್ ಎಂದರೆ ಹಕ್ಕು ಬಿಟ್ಟುಕೊಡುವುದು. ಕೇಳಲು ತ್ಯಾಗದಂತೆ ಇದ್ದರೂ ಇಲ್ಲಿ ಅದರ ಅರ್ಥ ಹಣ ಪಡೆದು ಮಾರುವುದು.

ಈಗ ಒಬ್ಬರ ಬಳಿ ರಿಲಯನ್ಸ್‌ನ 150 ಷೇರು ಇತ್ತು ಎಂದು ಭಾವಿಸೋಣ. 15ಕ್ಕೆ ಒಂದರಂತೆ ಅವರ ಖಾತೆಗೆ 10 ಆರ್‌ಇ ಬಂತು.

ಅವರು ಹತ್ತಕ್ಕೂ ಅರ್ಜಿ ಹಾಕಬಹುದಿತ್ತು. ಅರ್ಜಿಯ ಜತೆ ಕಟ್ಟಬೇಕಾಗಿದ್ದು ಬೆಲೆಯ ಕಾಲು ಭಾಗ, ಪ್ರತಿ ಷೇರಿಗೆ 314.25 ರೂಪಾಯಿ. ಹತ್ತಕ್ಕೆ 3,142.50 ರೂಪಾಯಿ.

ಇಲ್ಲವೇ ಹತ್ತನ್ನೂ ಮಾರಬಹುದಿತ್ತು. ವಹಿವಾಟಿನ ಮೊದಲ ದಿನ ಎನ್‌ಎಸ್‌ಇಯಲ್ಲಿ ರಿಲಯನ್ಸ್ ಆರ್‌ಇ 158 ರೂಪಾಯಿಗೆ ತೆರೆದು 212 ರೂಪಾಯಿಗೆ ಮುಕ್ತಾಯವಾಗಿತ್ತು. 200 ರೂಪಾಯಿಯಂತೆ ಮಾರಿದ್ದರೂ ಕೈಗೆ 2,000 ರೂಪಾಯಿ. ಕಂಪನಿಗೆ ಹೊಸದಾಗಿ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ.

ಮೂರನೆಯ ದಾರಿ, ಒಂದಷ್ಟನ್ನು ಮಾರಿ ಉಳಿದದ್ದಕ್ಕೆ ಅರ್ಜಿ ಹಾಕುವುದು. ಐದು ಆರ್‌ಇ ಮಾರಿದರೆ ಸಿಗುವ ಸುಮಾರು 1,000 ರೂಪಾಯಿ, ಉಳಿದ ಐದಕ್ಕೆ ಕಟ್ಟಬೇಕಾದ 1,571 ರೂಪಾಯಿಯ ದೊಡ್ಡ ಪಾಲನ್ನು ತುಂಬುತ್ತಿತ್ತು. ಕೈಯಲ್ಲಿ ಹಣ ಬಿಗಿ ಇರುವವರಿಗೆ ಇದು ಒಳ್ಳೆಯ ದಾರಿ, ಆದರೆ ಇದನ್ನು ಬಳಸುವವರು ಕಡಿಮೆ.

ನಾಲ್ಕನೆಯದು, ಹತ್ತಕ್ಕೂ ಅರ್ಜಿ ಹಾಕಿ ಅದರ ಜತೆ ಇನ್ನಷ್ಟು ಹೆಚ್ಚುವರಿ ಷೇರು ಕೇಳುವುದು. ಬೇರೆಯವರು ಬಿಟ್ಟ ಷೇರು ಉಳಿದರೆ ಹಂಚಿಕೆ ಆಗುತ್ತದೆ, ಇಲ್ಲದಿದ್ದರೆ ಹಣ ವಾಪಸ್. ಆರ್‌ಇಯಲ್ಲಿ ಒಂದನ್ನಾದರೂ ಮಾರಿದವರಿಗೆ ಹೆಚ್ಚುವರಿ ಕೇಳುವ ಅವಕಾಶ ಇರುವುದಿಲ್ಲ. ರಿಲಯನ್ಸ್ ಇಶ್ಯೂಗೆ 1.59 ಪಟ್ಟು ಬೇಡಿಕೆ ಬಂದಿದ್ದರಿಂದ ಹೆಚ್ಚುವರಿ ಕೇಳಿದ ಬಹುತೇಕರಿಗೆ ಕೇಳಿದಷ್ಟು ಸಿಗಲಿಲ್ಲ.

ಇನ್ನು ಗುಂಡಿ. ಮಾರಲೂ ಇಲ್ಲ, ಅರ್ಜಿಯನ್ನೂ ಹಾಕಲಿಲ್ಲ ಎಂದರೆ ಜೂನ್ 3ರ ನಂತರ ಹತ್ತೂ ಆರ್‌ಇ ರದ್ದು. ಪ್ರಕಟಣೆಯಲ್ಲಿ ಇದಕ್ಕೆ ಬಳಸುವ ಪದ "ಲ್ಯಾಪ್ಸ್". ಖಾತೆಯಿಂದ ಆ ಸಾಲೇ ಅಳಿಸಿ ಹೋಗುತ್ತದೆ. ನಮ್ಮ ಉದಾಹರಣೆಯ 150 ಷೇರಿನವರು ಸುಮಾರು 2,000 ರೂಪಾಯಿ ಕಳೆದುಕೊಂಡರು, ಕಳೆದುಕೊಂಡದ್ದು ಅವರಿಗೆ ಗೊತ್ತೂ ಆಗಲಿಲ್ಲ. ಖಾತೆಯಲ್ಲಿ 150 ಷೇರು ಹಾಗೆಯೇ ಇದೆ, ಬೆಲೆ ಸ್ವಲ್ಪ ಇಳಿದಿದೆ, ಮಾರುಕಟ್ಟೆ ಇಳಿಯಿತು ಎಂದುಕೊಂಡು ಸುಮ್ಮನಾಗುತ್ತಾರೆ. ಯಾವ ಸ್ಟೇಟ್‌ಮೆಂಟ್‌ನಲ್ಲಿಯೂ "ನಷ್ಟ" ಎಂದು ಅಚ್ಚಾಗುವುದಿಲ್ಲ.

ಹಕ್ಕನ್ನು ಪೇಟೆಯಲ್ಲಿ ಮಾರದೆ ಮನೆಯವರಿಗೇ ಕೊಡಬೇಕೆಂದಿದ್ದರೆ ಡಿಮ್ಯಾಟ್‌ನಿಂದ ಡಿಮ್ಯಾಟ್‌ಗೆ ನೇರವಾಗಿ ವರ್ಗಾಯಿಸಬಹುದು. ಇಶ್ಯೂ ಮುಚ್ಚುವ ಮೊದಲು ಅದು ಅವರ ಖಾತೆ ತಲುಪಿ, ಅವರು ಅರ್ಜಿ ಹಾಕುವಷ್ಟು ಸಮಯ ಉಳಿದಿರಬೇಕು. ಆರ್‌ಇ ಮಾರಿದ ಹಣಕ್ಕೆ ತೆರಿಗೆ ಇದೆ ಎಂಬುದೂ ನೆನಪಿರಲಿ. ಬಂದ ಹಕ್ಕಿಗೆ ನೀವು ಕೊಟ್ಟ ಬೆಲೆ ಶೂನ್ಯ ಎಂದೇ ಲೆಕ್ಕ, ಹಾಗಾಗಿ ಮಾರಿ ಬಂದದ್ದೆಲ್ಲ ಅಲ್ಪಾವಧಿ ಬಂಡವಾಳ ಗಳಿಕೆ.

ಅಗ್ಗದ ರಿಲಯನ್ಸ್ ಎಂದು ಆರ್‌ಇ ಕೊಂಡವರ ಕಥೆ

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಇದೆ. ಟ್ರೇಡಿಂಗ್ ಆ್ಯಪ್ ತೆರೆದಾಗ ರಿಲಯನ್ಸ್ 1,430 ರೂಪಾಯಿ ಆಸುಪಾಸು, ಕೆಳಗೆ ರಿಲಯನ್ಸ್ ಹೆಸರಿನದೇ ಇನ್ನೊಂದು ಸಾಲು 212 ರೂಪಾಯಿ. ಹೊಸಬರಿಗೆ ಇದು ಭಾರೀ ಅಗ್ಗದ ಷೇರಿನಂತೆ ಕಾಣುತ್ತದೆ.

212 ರೂಪಾಯಿ ಕೊಟ್ಟವರಿಗೆ ಸಿಗುವುದು ಚೀಟಿ ಮಾತ್ರ. ಅದನ್ನು ಷೇರಾಗಿ ಮಾಡಿಕೊಳ್ಳಲು ಪ್ರತ್ಯೇಕವಾಗಿ ಅರ್ಜಿ ಹಾಕಬೇಕು, ಒಟ್ಟು 1,257 ರೂಪಾಯಿ ಕಟ್ಟಬೇಕು. ಎರಡನ್ನೂ ಕೂಡಿಸಿದರೆ 1,469. ಅಂದರೆ ಮಾರುಕಟ್ಟೆ ದರಕ್ಕಿಂತ ಸುಮಾರು 40 ರೂಪಾಯಿ ದುಬಾರಿ! ಆದರೂ ತಿಳಿದವರು ಕೊಂಡರು, ಏಕೆಂದರೆ ಮುಕ್ಕಾಲು ಭಾಗ ಹಣವನ್ನು ಒಂದು ವರ್ಷದ ನಂತರ ಕಟ್ಟುವ ಅವಕಾಶಕ್ಕೆ ಅವರು ಆ 40 ರೂಪಾಯಿ ಕೊಟ್ಟರು. ತಿಳಿಯದೆ ಕೊಂಡು, ಷೇರು ಬಂದೇ ಬರುತ್ತದೆ ಎಂದು ಕಾಯುತ್ತ ಕುಳಿತವರಿಗೆ ಮಾತ್ರ ಪೂರ್ತಿ 212 ರೂಪಾಯಿಯೂ ಸೊನ್ನೆ.

ಆರ್‌ಇಯಲ್ಲಿ ಇಂಟ್ರಾಡೇ ವಹಿವಾಟಿಗೆ ಅವಕಾಶವಿಲ್ಲ. ಕೊಂಡ ದಿನವೇ ಮಾರಿ ಹೊರಬರಲು ಆಗದು. ಕೊನೆಯ ದಿನ ಕೊಂಡರೆ ಮುಂದಿರುವ ದಾರಿ ಅರ್ಜಿ ಹಾಕುವುದು ಒಂದೇ. ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ ಇಷ್ಟೇ: ಆರ್‌ಇ ಬೆಲೆಗೆ ಇಶ್ಯೂ ಬೆಲೆ ಸೇರಿಸಿ, ಮಾರುಕಟ್ಟೆ ದರದೊಂದಿಗೆ ಹೋಲಿಸಿ. ಹೆಚ್ಚಾಗಿದ್ದರೆ, ಮತ್ತು ಹಣ ಒಂದೇ ಬಾರಿಗೆ ಕಟ್ಟುವ ಇಶ್ಯೂ ಆಗಿದ್ದರೆ, ನೇರವಾಗಿ ಷೇರನ್ನೇ ಕೊಳ್ಳುವುದು ಲಾಭ.

15ಕ್ಕಿಂತ ಕಡಿಮೆ ಷೇರು ಇದ್ದವರಿಗೆ?

10 ಷೇರು ಇದ್ದವರಿಗೆ 1:15 ಅನುಪಾತದಲ್ಲಿ ಒಂದೂ ಬರುವುದಿಲ್ಲ. 40 ಷೇರು ಇದ್ದವರಿಗೆ ಬರುವುದು ಎರಡು, ಉಳಿದ 10 ಷೇರಿನ ಚೂರು ಲೆಕ್ಕಕ್ಕಿಲ್ಲ. ಆದರೆ ಲೆಟರ್ ಆಫ್ ಆಫರ್‌ನಲ್ಲಿ "ಫ್ರಾಕ್ಷನಲ್ ಎನ್‌ಟೈಟಲ್‌ಮೆಂಟ್ಸ್" ಎಂಬ ಶೀರ್ಷಿಕೆಯ ಕೆಳಗೆ ಇಂತಹವರಿಗಾಗಿಯೇ ಒಂದು ಅನುಕೂಲ ಇರುತ್ತದೆ. ಅವರು ಹೆಚ್ಚುವರಿ ಷೇರಿಗೆ ಅರ್ಜಿ ಹಾಕಿದರೆ, ಷೇರು ಉಳಿದಲ್ಲಿ, ಒಂದು ಷೇರಿನ ಹಂಚಿಕೆಯಲ್ಲಿ ಅವರಿಗೆ ಆದ್ಯತೆ. 10 ಷೇರಿನವರಿಗೆ ಆರ್‌ಇ ಬಂದಿರುವುದಿಲ್ಲ, ಹಾಗಾಗಿ ಮಾರಲು ಏನೂ ಇಲ್ಲ, ಆದರೆ ಅರ್ಜಿ ಹಾಕುವ ಅರ್ಹತೆ ಇದೆ. ಡಿಮ್ಯಾಟ್‌ನಲ್ಲಿ ಏನೂ ಕಾಣಿಸದ ಕಾರಣ ತಮಗೆ ಸಂಬಂಧವೇ ಇಲ್ಲ ಎಂದು ಇವರು ಪ್ರಕಟಣೆಯನ್ನು ತೆರೆದೂ ನೋಡುವುದಿಲ್ಲ.

ಅರ್ಜಿ ಹಾಕುವುದು ಬ್ರೋಕರ್ ಆ್ಯಪ್‌ನಲ್ಲಲ್ಲ

ಆರ್‌ಇ ಮಾರುವುದು ಬ್ರೋಕರ್ ಮೂಲಕ, ಷೇರಿನಂತೆಯೇ. ಅರ್ಜಿ ಹಾಕುವ ಮುಖ್ಯ ದಾರಿ ಮಾತ್ರ ಬ್ಯಾಂಕ್. ನೆಟ್ ಬ್ಯಾಂಕಿಂಗ್‌ನಲ್ಲಿ ಐಪಿಒಗೆ ಅರ್ಜಿ ಹಾಕುವ ಜಾಗದಲ್ಲೇ ASBA ಎಂಬ ಆಯ್ಕೆ ಇರುತ್ತದೆ, ಅಲ್ಲಿ ರೈಟ್ಸ್ ಇಶ್ಯೂ ಪಟ್ಟಿಯಲ್ಲಿ ಕಂಪನಿಯನ್ನು ಆರಿಸಬೇಕು. ನೆಟ್ ಬ್ಯಾಂಕಿಂಗ್ ಇಲ್ಲದವರು ಈ ಸೌಲಭ್ಯವಿರುವ ಬ್ಯಾಂಕ್ ಶಾಖೆಯಲ್ಲಿ ಕಾಗದದ ಅರ್ಜಿ ಕೊಡಬಹುದು. ಹಣ ತಕ್ಷಣ ಖಾತೆಯಿಂದ ಹೋಗುವುದಿಲ್ಲ, ತಡೆಹಿಡಿಯಲಾಗುತ್ತದೆ. ಹಂಚಿಕೆಯಾದಷ್ಟಕ್ಕೆ ಮಾತ್ರ ಕಡಿತ. ರಿಲಯನ್ಸ್ ಇಶ್ಯೂ ವೇಳೆ ಲಾಕ್‌ಡೌನ್ ಕಾರಣಕ್ಕೆ ರಿಜಿಸ್ಟ್ರಾರ್ ಆಗಿದ್ದ ಕೆಫಿನ್ ಟೆಕ್ನಾಲಜೀಸ್ ತಾಣದಲ್ಲಿ ನೇರವಾಗಿ ಅರ್ಜಿ ಹಾಕುವ ವಿಶೇಷ ಅವಕಾಶ ಇತ್ತು. ಅದು ಆ ಕಾಲಕ್ಕೆ ಕೊಟ್ಟ ರಿಯಾಯಿತಿ.

ಅರ್ಜಿ ತಿರಸ್ಕೃತವಾಗುವುದು ಹೆಚ್ಚಾಗಿ ಸಣ್ಣ ಕಾರಣಗಳಿಗೆ. ಮಗನ ಬ್ಯಾಂಕ್ ಖಾತೆಯಿಂದ ತಂದೆಯ ಷೇರಿಗೆ ಹಣ ಕಟ್ಟಿದರೆ ನಡೆಯುವುದಿಲ್ಲ. ಆರ್‌ಇ ಒಂದು ಡಿಮ್ಯಾಟ್‌ನಲ್ಲಿದ್ದು ಅರ್ಜಿಯಲ್ಲಿ ಇನ್ನೊಂದು ಡಿಮ್ಯಾಟ್ ಸಂಖ್ಯೆ ಬರೆದರೂ ತೊಂದರೆ. ಎರಡು ಡಿಮ್ಯಾಟ್‌ನಲ್ಲಿ ಷೇರು ಇದ್ದರೆ ಎರಡು ಪ್ರತ್ಯೇಕ ಅರ್ಜಿ ಬೇಕು.

ಮುಂಬೈ, ಪುಣೆಯಲ್ಲಿರುವ ಓದುಗರಲ್ಲಿ ಅನೇಕರಿಗೆ ಇನ್ನೊಂದು ಚಿಂತೆ ಇರಬಹುದು: ಊರಿನಲ್ಲಿರುವ ಅಪ್ಪನ ಹೆಸರಿನಲ್ಲಿ ಕಪಾಟಿನಲ್ಲಿ ಉಳಿದಿರುವ ಹಳೆಯ ಕಾಗದದ ಷೇರು. ಅದಕ್ಕೂ ಹಕ್ಕು ಇದೆ. ಅವರ ಪಾಲಿನ ಆರ್‌ಇಯನ್ನು ಕಂಪನಿ ಒಂದು ಪ್ರತ್ಯೇಕ ಸಸ್ಪೆನ್ಸ್ ಎಸ್ಕ್ರೋ ಡಿಮ್ಯಾಟ್ ಖಾತೆಯಲ್ಲಿ ಇಟ್ಟಿರುತ್ತದೆ. ಇಶ್ಯೂ ಮುಚ್ಚುವುದಕ್ಕೆ ಕನಿಷ್ಠ ಎರಡು ಕೆಲಸದ ದಿನ ಮೊದಲು ತಮ್ಮ ಡಿಮ್ಯಾಟ್ ವಿವರವನ್ನು ರಿಜಿಸ್ಟ್ರಾರ್‌ಗೆ ಕೊಟ್ಟರೆ ಅಲ್ಲಿಂದ ವರ್ಗಾಯಿಸುತ್ತಾರೆ. ಡಿಮ್ಯಾಟ್ ಖಾತೆಯೇ ಇಲ್ಲದಿದ್ದರೆ ಅಷ್ಟರಲ್ಲಿ ತೆರೆಯಬೇಕು, ಕೊನೆಯ ವಾರದಲ್ಲಿ ಅದು ಆಗುವ ಮಾತಲ್ಲ.

ಉಳಿದ ಕಂತು ಮರೆತರೆ?

ರಿಲಯನ್ಸ್ ಹಕ್ಕಿನ ಷೇರು 2020ರ ಜೂನ್ 15ರಂದು RELIANCEPP ಎಂಬ ಹೆಸರಿನಲ್ಲಿ ಪೇಟೆಗೆ ಬಂತು. PP ಎಂದರೆ ಪಾರ್ಟ್ಲಿ ಪೇಯ್ಡ್. ಕಾಲು ಭಾಗ ಹಣ ಕಟ್ಟಿದ ಷೇರಾದ್ದರಿಂದ ಬೆಲೆ ಮೂಲ ಷೇರಿಗಿಂತ ತುಂಬ ಕಡಿಮೆ ಇತ್ತು.

ಉಳಿದ ಹಣಕ್ಕೆ ಕಂಪನಿ ಎರಡು ಬಾರಿ ಕರೆ ಕೊಟ್ಟಿತು. ಇದಕ್ಕೆ "ಕಾಲ್" ಎನ್ನುತ್ತಾರೆ, ಫೋನ್ ಕರೆಗೂ ಇದಕ್ಕೂ ಸಂಬಂಧವಿಲ್ಲ. ಮೊದಲ ಕರೆ 2021ರ ಮೇ ತಿಂಗಳಲ್ಲಿ, ಪ್ರತಿ ಷೇರಿಗೆ 314.25 ರೂಪಾಯಿ. ಎರಡನೆಯದು ಮತ್ತು ಅಂತಿಮ ಕರೆ ಅದೇ ವರ್ಷದ ನವೆಂಬರ್‌ನಲ್ಲಿ, 628.50 ರೂಪಾಯಿ. ನಮ್ಮ ಉದಾಹರಣೆಯಲ್ಲಿ ಹತ್ತು ಷೇರು ಪಡೆದವರು ಮೊದಲು 3,142.50, ಆಮೇಲೆ ಇನ್ನೊಮ್ಮೆ 3,142.50, ಕೊನೆಗೆ 6,285 ರೂಪಾಯಿ ಕಟ್ಟಿ ಒಟ್ಟು 12,570 ರೂಪಾಯಿಗೆ ಹತ್ತು ಪೂರ್ಣ ಷೇರು ಪಡೆದರು. ಕೊನೆಯ ಕಂತಿನ ಹೊತ್ತಿಗೆ ಮಾರುಕಟ್ಟೆಯಲ್ಲಿ ರಿಲಯನ್ಸ್ ದರ ಈ ಬೆಲೆಯ ಸುಮಾರು ಎರಡು ಪಟ್ಟು ಇತ್ತು. ಎಲ್ಲ ಇಶ್ಯೂಗಳಲ್ಲೂ ಹೀಗಾಗುತ್ತದೆ ಎಂದಲ್ಲ.

ಪ್ರತಿ ಕರೆಗೂ ಒಂದು ರೆಕಾರ್ಡ್ ಡೇಟ್ ಇರುತ್ತದೆ. ಆ ದಿನ ಷೇರು ಯಾರ ಖಾತೆಯಲ್ಲಿದೆಯೋ ಕಂತು ಅವರ ತಲೆಗೆ. ಪೇಟೆಯಲ್ಲಿ ನಡುವೆ ಕೊಂಡವರೂ ಇದರಿಂದ ಹೊರತಲ್ಲ. ಕಂತು ಕಟ್ಟದಿದ್ದರೆ ಬಡ್ಡಿ ಹಾಕಬಹುದು, ಕೊನೆಗೆ ಷೇರನ್ನೇ ಮುಟ್ಟುಗೋಲು ಹಾಕಿಕೊಂಡು ಈಗಾಗಲೇ ಕಟ್ಟಿದ ಹಣವನ್ನೂ ಕೊಡದಿರಬಹುದು. ಇಂಗ್ಲಿಷಿನಲ್ಲಿ ಇದರ ಹೆಸರು "ಫಾರ್ಫೀಚರ್". ಕಂತಿನ ಹಣ ಖಾತೆಯಿಂದ ತಾನಾಗಿ ಕಡಿತವಾಗುವುದಿಲ್ಲ, ಎಸ್‌ಐಪಿಯಂತೆ ಅಲ್ಲ. ನೋಟಿಸ್ ಬರುವುದು ಡಿಮ್ಯಾಟ್‌ನಲ್ಲಿ ದಾಖಲಾದ ಇಮೇಲ್ ಅಥವಾ ವಿಳಾಸಕ್ಕೆ. ಹಳೆಯ ಕಚೇರಿಯ ಇಮೇಲ್ ಕೊಟ್ಟು ಕೆಲಸ ಬಿಟ್ಟವರು, ಬೆಂಗಳೂರಿನಿಂದ ಹೈದರಾಬಾದಿಗೆ ಮನೆ ಬದಲಿಸಿ ವಿಳಾಸ ಬದಲಿಸದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಹಣ ಯಾತಕ್ಕೆ ಎಂಬ ಪುಟ

ಹಕ್ಕನ್ನು ಬಳಸಬೇಕೋ ಮಾರಬೇಕೋ ಎಂದು ತೀರ್ಮಾನಿಸಲು ಲೆಟರ್ ಆಫ್ ಆಫರ್‌ನ ನೂರಾರು ಪುಟ ಓದಬೇಕಿಲ್ಲ. "ಆಬ್ಜೆಕ್ಟ್ಸ್ ಆಫ್ ದಿ ಇಶ್ಯೂ" ಎಂಬ ಭಾಗ ನೋಡಿದರೆ ಹಣ ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಾಗುತ್ತದೆ. ರಿಲಯನ್ಸ್ ಸುಮಾರು ಮುಕ್ಕಾಲು ಪಾಲನ್ನು ಸಾಲ ತೀರಿಸಲು ಬಳಸುವುದಾಗಿ ಹೇಳಿತ್ತು. ಸಾಲ ತೀರಿಸುವುದು ಕೆಟ್ಟದ್ದಲ್ಲ, ಆದರೆ ಬಡ್ಡಿ ಕಟ್ಟಲೂ ಒದ್ದಾಡುವ ಕಂಪನಿ ಅದೇ ಮಾತು ಹೇಳಿದರೆ ಅರ್ಥ ಬೇರೆ.

ಅದರ ಜತೆಗೆ ಪ್ರವರ್ತಕರು ತಮ್ಮ ಪಾಲಿನ ಹಕ್ಕನ್ನು ತಾವೇ ಬಳಸುತ್ತಾರೆಯೇ ಎಂಬ ಸಾಲನ್ನು ಹುಡುಕಬೇಕು. ರಿಲಯನ್ಸ್ ಪ್ರವರ್ತಕರು ತಮ್ಮ ಪೂರ್ತಿ ಪಾಲಿನ ಜತೆಗೆ, ಯಾರೂ ಕೊಳ್ಳದೆ ಉಳಿದ ಷೇರನ್ನೂ ಕೊಳ್ಳುವುದಾಗಿ ಬರೆದುಕೊಟ್ಟಿದ್ದರು. ಕಂಪನಿಯನ್ನು ಒಳಗಿನಿಂದ ಬಲ್ಲವರು ತಮ್ಮ ಹಕ್ಕನ್ನು ಬಿಟ್ಟುಕೊಡುತ್ತಿದ್ದರೆ ಕಾರಣವನ್ನು ಕೇಳಲೇಬೇಕು. ಇಶ್ಯೂ ಬೆಲೆಗಿಂತ ಮಾರುಕಟ್ಟೆ ದರವೇ ಕೆಳಗಿಳಿದಿದ್ದರೆ ಮಾತ್ರ ಯೋಚನೆ ಸುಲಭ. ಆಗ ಆರ್‌ಇಗೆ ಹೆಚ್ಚು ಬೆಲೆ ಉಳಿಯುವುದಿಲ್ಲ, ಷೇರು ಬೇಕೆಂದರೆ ಪೇಟೆಯಲ್ಲೇ ಅಗ್ಗವಾಗಿ ಸಿಗುತ್ತದೆ.

ಈಗ ಸಮಯ ಇನ್ನೂ ಕಡಿಮೆ

2025ರ ಏಪ್ರಿಲ್ 7ರಿಂದ ಸೆಬಿಯ ಹೊಸ ನಿಯಮ ಜಾರಿಯಲ್ಲಿದೆ. ಆಡಳಿತ ಮಂಡಳಿ ಒಪ್ಪಿಗೆ ಕೊಟ್ಟ ದಿನದಿಂದ 23 ಕೆಲಸದ ದಿನಗಳೊಳಗೆ ರೈಟ್ಸ್ ಇಶ್ಯೂ ಮುಗಿಯಬೇಕು. ಕಂಪನಿಗಳಿಗೆ ಹಣ ಬೇಗ ಸಿಗಲಿ ಎಂಬುದು ಉದ್ದೇಶ. ಷೇರುದಾರರ ಕಡೆಯಿಂದ ನೋಡಿದರೆ ಮೊದಲ ಪ್ರಕಟಣೆಯಿಂದ ಹಕ್ಕು ರದ್ದಾಗುವವರೆಗಿನ ಇಡೀ ಆಟ ಒಂದು ತಿಂಗಳ ಆಸುಪಾಸಿನಲ್ಲಿ ಮುಗಿದಿರುತ್ತದೆ. ಆ ಪ್ರಕಟಣೆ ಕಂಡ ಕೂಡಲೇ ಕ್ಯಾಲೆಂಡರ್‌ನಲ್ಲಿ ಬರೆದಿಟ್ಟುಕೊಳ್ಳಬೇಕಾದ ದಿನಾಂಕಗಳು ಮೂರು: ರೆಕಾರ್ಡ್ ಡೇಟ್, ಆರ್‌ಇ ವಹಿವಾಟಿನ ಕೊನೆಯ ದಿನ, ಇಶ್ಯೂ ಮುಚ್ಚುವ ದಿನ. ಭಾಗಶಃ ಪಾವತಿಯ ಷೇರಾದರೆ ಕಂತಿನ ತಿಂಗಳುಗಳೂ ಅದರ ಕೆಳಗೆ ಬರಲಿ.